ಮೂರು ಸಾಲಿನ ರಜಾ ಅರ್ಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನನ್ನ ಕೆಲಸ. ಹಾಜರಿ, ಓವರ್‌ಟೈಮ್, ರಜಾ ಅರ್ಜಿ ಎಲ್ಲ ನನ್ನ ಮೇಜು ದಾಟಿಯೇ ಮ್ಯಾನೇಜರ್ ಹತ್ತಿರ ಹೋಗುತ್ತವೆ. ಅರ್ಜಿ ಬರೆಯುವ ಮುಂಚೆ ಜನ ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಮೂರು ಸಾಲು ಅಂದರೆ ಯಾವ ಮೂರು?

ಒಂದು, ಯಾವತ್ತಿನಿಂದ ಯಾವತ್ತಿನವರೆಗೆ, ಒಟ್ಟು ಎಷ್ಟು ದಿನ, ಯಾವ ರಜೆ, ಮತ್ತೆ ಯಾವತ್ತು ಬರುತ್ತೀರಿ. ಎರಡು, ಯಾಕೆ. ಮೂರು, ನೀವಿಲ್ಲದಾಗ ನಿಮ್ಮ ಕೆಲಸದ ಗತಿ ಏನು.

ಇದೇ ಕ್ರಮದಲ್ಲಿ ಬರೆಯಿರಿ. ಸಾಹೇಬರು ಅರ್ಜಿ ಕೈಗೆ ತಗೊಂಡ ತಕ್ಷಣ ಹುಡುಕುವುದು ದಿನಾಂಕ. ಕಾರಣ ಮೊದಲು, ದಿನಾಂಕ ಕೊನೆಗೆ ಅಂತ ಬರೆದರೆ ಅವರ ಕಣ್ಣು ಕೆಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಎರಡನೇ ಸಲ ಮೇಲಿಂದ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ.

ಉದ್ದ ಅರ್ಜಿ ಒಂದನ್ನು ಕತ್ತರಿಸಿ ತೋರಿಸಿ, ನೋಡೋಣ.

ನಮ್ಮ ಲೆಕ್ಕದ ವಿಭಾಗದ ಹುಡುಗಿ ಮಾರ್ಚ್ 6ರ ಶುಕ್ರವಾರ ಸಂಜೆ ತಂದ ಅರ್ಜಿ ಇದು. ಅವಳನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ.

> ಮಾನ್ಯರೇ,
>
> ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಮ್ಮ ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿ ಕಳೆದ ನಾಲ್ಕು ವರ್ಷಗಳಿಂದ ಪ್ರಾಮಾಣಿಕವಾಗಿ ಕೆಲಸ ಮಾಡಿಕೊಂಡು ಬರುತ್ತಿದ್ದೇನೆ. ಹುಬ್ಬಳ್ಳಿಯಲ್ಲಿರುವ ನಮ್ಮ ತಾಯಿಯವರಿಗೆ ಸುಮಾರು ಒಂದು ವರ್ಷದಿಂದ ಕಣ್ಣು ಮಂಜಾಗಿದ್ದು, ಮೊದಲು ಸಕ್ಕರೆ ಕಾಯಿಲೆಯಿಂದ ಇರಬಹುದು ಎಂದು ಸುಮ್ಮನಿದ್ದೆವು. ಕಳೆದ ತಿಂಗಳು ತೋರಿಸಿದಾಗ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿಗೆ ಬೇಗ ಆಪರೇಷನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಅಣ್ಣ ಪುಣೆಯಲ್ಲಿದ್ದು ಅವನಿಗೆ ರಜೆ ಸಿಗುತ್ತಿಲ್ಲ. ಅತ್ತಿಗೆಗೆ ಮಗು ಚಿಕ್ಕದು. ತಂದೆಯವರಿಗೂ ವಯಸ್ಸಾಗಿದ್ದು ಒಬ್ಬರೇ ಓಡಾಡಲು ಆಗುವುದಿಲ್ಲ. ಆದ್ದರಿಂದ ನಾನೇ ಹೋಗಬೇಕಾದ ಅನಿವಾರ್ಯ ಪರಿಸ್ಥಿತಿ ಬಂದಿದೆ. ಹೋದ ದೀಪಾವಳಿಯಲ್ಲೂ ನಾನು ರಜೆ ಹಾಕಿರಲಿಲ್ಲ ಎಂಬುದು ತಮಗೆ ತಿಳಿದೇ ಇದೆ. ಆದಕಾರಣ ಮುಂದಿನ ವಾರ ಗುರುವಾರದಿಂದ ಭಾನುವಾರದವರೆಗೆ ರಜೆ ಮಂಜೂರು ಮಾಡಿಕೊಡಬೇಕಾಗಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.
>
> ಇಂತಿ ತಮ್ಮ ವಿಧೇಯ

ಇಷ್ಟುದ್ದ ಬರೆದರೂ ಇದರಲ್ಲಿ ಒಂದೇ ಒಂದು ದಿನಾಂಕ ಇಲ್ಲ. ಯಾವ ರಜೆ ಅಂತ ಇಲ್ಲ. ಅವಳ ಮೇಜಿನ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ. ಪುಣೆಯ ಅಣ್ಣ ಇದ್ದಾನೆ, ಅತ್ತಿಗೆಯ ಮಗು ಇದೆ!

ಇಬ್ಬರೂ ಕೂತು ಬರೆದಿದ್ದು ಇದು:

> 12-03-2026 ಗುರುವಾರದಿಂದ 14-03-2026 ಶನಿವಾರದವರೆಗೆ, ಎರಡೂ ದಿನ ಸೇರಿ 3 ದಿನ ಗಳಿಕೆ ರಜೆ ಕೊಡಬೇಕಾಗಿ ಕೋರುತ್ತೇನೆ. 16ರ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬರುತ್ತೇನೆ.
>
> ಗುರುವಾರ ಹುಬ್ಬಳ್ಳಿಯಲ್ಲಿ ನಮ್ಮ ತಾಯಿಯ ಕಣ್ಣಿನ ಪೊರೆ ಆಪರೇಷನ್ ಇದೆ, ಜೊತೆಗೆ ನಾನಿರಬೇಕು. ದಿನಾಂಕ ನಿನ್ನೆ ತಿಳಿಯಿತು.
>
> 15ರೊಳಗೆ ಕಟ್ಟಬೇಕಾದ ಪಿ.ಎಫ್., ಇ.ಎಸ್.ಐ. ಚಲನ್ 10ರಂದೇ ತಯಾರು ಮಾಡಿ ಕೊಡುತ್ತೇನೆ. ಆ ಮೂರು ದಿನದ ಬಿಲ್‌ಗಳನ್ನು ಸ್ಟೋರ್ಸ್ ಇನ್‌ಚಾರ್ಜ್ ನೋಡಿಕೊಳ್ಳಲು ಒಪ್ಪಿದ್ದಾರೆ.

ಮೇಲೆ ‘ಮಾನ್ಯರೇ’, ವಿಷಯದ ಜಾಗದಲ್ಲಿ ‘3 ದಿನ ಗಳಿಕೆ ರಜೆ, ಮಾರ್ಚ್ 12ರಿಂದ 14’, ಕೆಳಗೆ ಸಹಿ, ಟೋಕನ್ ನಂಬರ್, ಫೋನ್ ನಂಬರ್. ಮೂರು ಸಾಲಿನ ಲೆಕ್ಕಕ್ಕೆ ಇವು ಬರುವುದಿಲ್ಲ. ಹಾಳೆಯ ಮೇಲೆ ಒಂದೊಂದು ಸಾಲೂ ಮಡಚಿ ಎರಡಾದರೆ ಚಿಂತೆ ಇಲ್ಲ. ಮೂರು ಮಾತು ಮೂರೇ ಇರಬೇಕು, ಅಷ್ಟೇ.

ಯಾವುದನ್ನು ತೆಗೆಯಬೇಕು ಅಂತ ಹೇಗೆ ಗೊತ್ತಾಗುತ್ತೆ?

ಒಂದೊಂದು ವಾಕ್ಯದ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ: ಇದು ಇಲ್ಲದಿದ್ದರೆ ಸಾಹೇಬರು ನನ್ನನ್ನು ಕರೆದು ಏನಾದರೂ ಕೇಳುತ್ತಾರಾ? ಕೇಳಲ್ಲ ಅಂದರೆ ಆ ವಾಕ್ಯ ಬೇಡ.

‘ನಾಲ್ಕು ವರ್ಷದಿಂದ ಪ್ರಾಮಾಣಿಕವಾಗಿ’ ತೆಗೆದೆವು. ಅದು ಅವರಿಗೆ ಗೊತ್ತು, ಗೊತ್ತಿಲ್ಲದಿದ್ದರೂ ಅರ್ಜಿ ಓದಿ ನಂಬುವವರಲ್ಲ. ಸಕ್ಕರೆ ಕಾಯಿಲೆ, ಒಂದು ವರ್ಷದ ಮಂಜು, ಎರಡೂ ಕಣ್ಣು, ಇವೆಲ್ಲ ಕಣ್ಣಿನ ಡಾಕ್ಟರಿಗೆ ಬೇಕಾದ ವಿಷಯ. ದೀಪಾವಳಿ ಮಾತು ತೆಗೆಯಲು ಅವಳಿಗೆ ಮನಸ್ಸಿರಲಿಲ್ಲ. ‘ನಿಜ ತಾನೇ ಅಣ್ಣಾ, ಹಾಕಿರಲಿಲ್ಲ ತಾನೇ?’ ಅಂದಳು. ನಿಜವೇ. ಆದರೆ ಓದುವವರಿಗೆ ಅದು ಹಳೇ ಸಾಲ ವಸೂಲಿ ಮಾಡಿದ ಹಾಗೆ ಕೇಳಿಸುತ್ತೆ. ಗಳಿಕೆ ರಜೆ ಅವಳು ದುಡಿದು ಗಳಿಸಿದ್ದು. ಲೆಕ್ಕದಲ್ಲಿ ಇದೆ, ಕೇಳುತ್ತಿದ್ದಾಳೆ.

ಅಣ್ಣ, ಅತ್ತಿಗೆ, ಅಪ್ಪ ಮೂವರ ಕಥೆ ಒಂದೇ ಪ್ರಶ್ನೆಗೆ ಉತ್ತರ: ‘ನೀನೇ ಯಾಕೆ ಹೋಗಬೇಕು?’ ಅದಕ್ಕೆ ನಾನು ಮೊದಲು ‘ಬೇರೆ ಯಾರೂ ಇಲ್ಲ’ ಅಂತ ಬರೆಸಿದ್ದೆ. ‘ಅಪ್ಪ ಇದಾರಲ್ಲ, ಸುಳ್ಳಾಗುತ್ತೆ’ ಅಂತ ಅವಳೇ ತಡೆದಳು. ಸರಿಯಾಗಿಯೇ ತಡೆದಳು. ‘ಜೊತೆಗೆ ನಾನಿರಬೇಕು’ ಅಂತ ಬದಲಾಯಿಸಿದೆವು. ಕತ್ತರಿಸುವಾಗ ಆಗುವ ದೊಡ್ಡ ತಪ್ಪು ಇದೇ. ಉದ್ದಕ್ಕೆ ಬರೆದಾಗ ನಿಜವಾಗಿದ್ದ ಮಾತು ಗಿಡ್ಡವಾದಾಗ ಸುಳ್ಳಾಗಿಬಿಡುತ್ತೆ. ಆಮೇಲೆ ಯಾರೋ ಊಟದ ಹೊತ್ತಿನಲ್ಲಿ ‘ನಿಮ್ಮಪ್ಪ ಹೇಗಿದಾರೆ?’ ಅಂದಾಗ ಮುಜುಗರ.

‘ದಿನಾಂಕ ನಿನ್ನೆ ತಿಳಿಯಿತು’ ಅನ್ನುವುದನ್ನು ಮಾತ್ರ ಹೊಸದಾಗಿ ಸೇರಿಸಿದೆವು. ಇಷ್ಟು ತಡವಾಗಿ ಯಾಕೆ ಕೇಳುತ್ತಿದ್ದೀಯ ಅನ್ನುವ ಪ್ರಶ್ನೆ ಖಂಡಿತ ಬರುತ್ತಿತ್ತು.

ಕೆಲಸದ ಸಾಲು ಯಾಕೆ? ರಜೆ ನನ್ನ ಹಕ್ಕಲ್ವಾ?

ಹಕ್ಕೇ. ಆದರೆ ಯಾವ ದಿನ ಕೊಡಬೇಕು ಅನ್ನುವುದು ಅವರ ಕೈಯಲ್ಲಿದೆ. ‘ಈ ವಾರ ಬೇಡ, ಮುಂದಿನ ವಾರ ಹೋಗು’ ಅನ್ನುವುದು ಹೆಚ್ಚಾಗಿ ಕಾರಣ ಸಾಲದೆ ಅಲ್ಲ, ಕೆಲಸ ನಿಲ್ಲುತ್ತೆ ಅನ್ನುವ ಭಯಕ್ಕೆ. ಆ ಭಯಕ್ಕೆ ಉತ್ತರ ಮೂರನೇ ಸಾಲಿನಲ್ಲಿ ಇರಬೇಕು.

ಅವಳ ಮೇಜನ್ನೇ ನೋಡಿ. ತಿಂಗಳ 11ಕ್ಕೆ ಜಿ.ಎಸ್.ಟಿ.ಯ ಮಾರಾಟದ ರಿಟರ್ನ್ ಹೋಗಬೇಕು. 15ರೊಳಗೆ ಪಿ.ಎಫ್., ಇ.ಎಸ್.ಐ. ಕಟ್ಟಬೇಕು. 20ಕ್ಕೆ ಜಿ.ಎಸ್.ಟಿ.ಯ ಇನ್ನೊಂದು ರಿಟರ್ನ್. ಅವಳು 11ರ ರಾತ್ರಿ ಬಸ್ ಹತ್ತುತ್ತಾಳೆ, ಅಷ್ಟರಲ್ಲಿ ಮೊದಲನೆಯದು ಮುಗಿದಿರುತ್ತೆ. 20ರದು ಬಂದ ಮೇಲೆ ಮಾಡಬಹುದು. ಮಧ್ಯೆ ಸಿಕ್ಕಿಕೊಳ್ಳುವುದು 15ರ ಗಡುವು. ಅದೂ ಈ ಸಲ 15 ಭಾನುವಾರ ಬಿದ್ದಿದೆ, ಅಂದರೆ ಶನಿವಾರವೇ ಮುಗಿಸಬೇಕು, ಶನಿವಾರ ಅವಳಿಲ್ಲ. ತಪ್ಪಿದರೆ ಕಾರ್ಖಾನೆ ಬಡ್ಡಿ, ದಂಡ ಕಟ್ಟಬೇಕು. ಮ್ಯಾನೇಜರ್ ತಲೆಯಲ್ಲಿ ಮೊದಲು ಓಡುವುದೇ ಇದು. ಅದಕ್ಕೇ ಮೂರನೇ ಸಾಲಿನಲ್ಲಿ ಈ ಒಂದನ್ನು ಹೇಳಿ, ಉಳಿದ ಎರಡನ್ನು ಬಿಟ್ಟೆವು. ಎಲ್ಲ ಕೆಲಸದ ಪಟ್ಟಿ ಕೊಟ್ಟರೆ ಮತ್ತೆ ಉದ್ದವಾಗುತ್ತೆ.

ಮಷಿನ್ ಮೇಲೆ ಕೆಲಸ ಮಾಡುವವರಾದರೆ ‘ಎರಡನೇ ಶಿಫ್ಟಿನವರು ಬದಲಿಗೆ ಬರಲು ಒಪ್ಪಿದ್ದಾರೆ’ ಅಂತ ಹೆಸರು ಹಾಕಿ ಬರೆದರೆ ಸಾಕು. ಆದರೆ ನಿಜವಾಗಿ ಕೇಳಿ ಒಪ್ಪಿಸಿರಬೇಕು. ನಾನು ಬದಲಿ ಆಗುವವರಿಗೆ ಫೋನ್ ಮಾಡಿ ಕೇಳುತ್ತೇನೆ. ‘ನಂಗೇನೂ ಗೊತ್ತೇ ಇಲ್ವಲ್ಲ’ ಅಂತ ಬಂದರೆ ಅರ್ಜಿ ಅಲ್ಲೇ ನಿಲ್ಲುತ್ತೆ.

‘ಮುಂದಿನ ವಾರ’ ಅಂತ ಬರೆದರೆ ಏನು ತಪ್ಪು?

ನೀವು ಬರೆಯುವ ದಿನ ಬೇರೆ, ಅವರು ಓದುವ ದಿನ ಬೇರೆ. ಮೇಲಿನ ಅರ್ಜಿ ಬರೆದಿದ್ದು ಶುಕ್ರವಾರ ಸಂಜೆ. ಮ್ಯಾನೇಜರ್ ಅದನ್ನು ಸೋಮವಾರ ಓದಿದರೆ ‘ಮುಂದಿನ ವಾರ ಗುರುವಾರ’ ಅಂದರೆ ಮಾರ್ಚ್ 19. ಆವತ್ತು ಯುಗಾದಿ! ‘ಓಹೋ, ಹಬ್ಬಕ್ಕೆ ಊರಿಗೆ ಹೋಗೋಕೆ ಅಮ್ಮನ ಕಣ್ಣಿನ ನೆಪ’ ಅಂದುಕೊಳ್ಳಲು ಎಷ್ಟು ಹೊತ್ತು ಬೇಕು? ಒಂದು ದಿನಾಂಕ ಬರೆದಿದ್ದರೆ ಆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ.

ನಾನೂ ಇದರಲ್ಲಿ ಬಿದ್ದವನೇ. ಹಿಂದೆ ಬೇರೆ ಕಡೆ ಇದ್ದಾಗ ಬುಧವಾರ ಕೂತು ‘ಬರುವ ಶುಕ್ರವಾರ’ ರಜೆ ಬೇಕು ಅಂತ ಬರೆದೆ. ನನ್ನ ಲೆಕ್ಕದಲ್ಲಿ ನಾಡಿದ್ದು. ಸೂಪರ್‌ವೈಸರ್ ಲೆಕ್ಕದಲ್ಲಿ ಅದರ ಮುಂದಿನದು. ಅಕ್ಕನ ಮಗನ ನಾಮಕರಣ ಮುಗಿಸಿ ಬಂದರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈರು’. ಒಂದು ದಿನದ ಸಂಬಳ ಹೋಯಿತು. ಕೈಯಲ್ಲಿ ಮಂಜೂರಾದ ಅರ್ಜಿ ಇತ್ತು, ಅದರಲ್ಲಿ ದಿನಾಂಕ ಇರಲಿಲ್ಲ. ಏನಂತ ವಾದ ಮಾಡಲಿ?

ದಿನಾಂಕದ ಜೊತೆ ವಾರವನ್ನೂ ಬರೆಯಿರಿ. ಎರಡೂ ಇದ್ದರೆ ಒಂದು ಇನ್ನೊಂದನ್ನು ಕಾಯುತ್ತೆ. ‘13 ಗುರುವಾರ’ ಅಂತ ಬರೆದಿದ್ದರೆ ನಾನು ತಕ್ಷಣ ಹಿಡಿದು ಕೇಳುತ್ತೇನೆ, 12ಆ ಗುರುವಾರ, 13ಆ ಅಂತ. ಬರೀ ‘13’ ಇದ್ದರೆ ನನಗೆ ಹೇಗೆ ಗೊತ್ತಾಗಬೇಕು?

‘ವರೆಗೆ’ ಅಂದರೆ ಆ ದಿನವೂ ಸೇರಿತಾ?

ಕೆಲವರಿಗೆ ಸೇರಿತು, ಕೆಲವರಿಗೆ ಇಲ್ಲ. ‘14ರವರೆಗೆ ರಜೆ’ ಅಂದರೆ 14ಕ್ಕೆ ಬಂದೇ ಬರುತ್ತಾರೆ ಅಂದುಕೊಳ್ಳುವವರನ್ನು ನೋಡಿದ್ದೇನೆ. ಅದಕ್ಕೇ ‘ಎರಡೂ ದಿನ ಸೇರಿ 3 ದಿನ’ ಅಂತ ಬರೆಸುತ್ತೇನೆ, ವಾಪಸ್ ಬರುವ ದಿನವನ್ನೂ ಬರೆಸುತ್ತೇನೆ. ಬೆರಳು ಮಡಚಿ ಎಣಿಸಿ: 12, 13, 14. ಮೂರು. 14ರಲ್ಲಿ 12 ಕಳೆದು ಎರಡು ಅಂತ ಬರೆಯುವವರೂ ಇದ್ದಾರೆ.

ಇನ್ನು ಭಾನುವಾರ. ಅವಳು ಮೊದಲು ಕೇಳಿದ್ದು ಗುರುವಾರದಿಂದ ಭಾನುವಾರದವರೆಗೆ, ಅಂದರೆ ನಾಲ್ಕು ದಿನ. ಭಾನುವಾರ ಹೇಗೂ ವಾರದ ರಜೆ. ಕೇಳದೇ ಸಿಗುವುದನ್ನು ಬರೆದು ಕೇಳಿದರೆ, ಅವಸರದಲ್ಲಿರುವ ಗುಮಾಸ್ತ ನಾಲ್ಕೂ ದಿನ ಅವಳ ಲೆಕ್ಕದಿಂದ ಕಳೆದುಬಿಡಬಹುದು. ರಜೆಯ ಕೊನೆಗೆ ಬರುವ ಭಾನುವಾರವನ್ನು ಅರ್ಜಿಯೊಳಗೆ ಎಳೆದುಕೊಳ್ಳಬೇಡಿ. ರಜೆಯ ಮಧ್ಯೆ ಸಿಕ್ಕಿಕೊಂಡ ಭಾನುವಾರದ ಕಥೆ ಬೇರೆ. ಶನಿವಾರದಿಂದ ಸೋಮವಾರ ರಜೆ ಹಾಕಿದರೆ ಕೆಲವು ಕಡೆ ಭಾನುವಾರವನ್ನೂ ಸೇರಿಸಿ ಮೂರು ಎಣಿಸುತ್ತಾರೆ, ಕೆಲವು ಕಡೆ ಎರಡೇ. ನಿಮ್ಮ ಕಂಪನಿಯಲ್ಲಿ ಹೇಗೆ ಅಂತ ಟೈಮ್ ಆಫೀಸಿನಲ್ಲಿ ಕೇಳಿಕೊಂಡು ದಿನದ ಸಂಖ್ಯೆ ಬರೆಯಿರಿ.

ಮೂರು ದಿನ ಯಾಕೆ, ಆಪರೇಷನ್ ಒಂದೇ ದಿನ ತಾನೇ ಅಂತ ಕೇಳಿದರೆ?

ಕೇಳಿದರೆ ಬಾಯಲ್ಲಿ ಹೇಳಿ. ಕಣ್ಣಿನ ಪೊರೆ ತೆಗೆದವರನ್ನು ಸಾಮಾನ್ಯವಾಗಿ ಆವತ್ತೇ ಮನೆಗೆ ಕಳಿಸುತ್ತಾರೆ, ಮಾರನೇ ದಿನ ಪಟ್ಟಿ ಬಿಚ್ಚಿ ನೋಡಲು ಮತ್ತೆ ಕರೆಯುತ್ತಾರೆ. ಹಾಗಾಗಿ ಗುರುವಾರ, ಶುಕ್ರವಾರ ಎರಡೂ ದಿನ ಜೊತೆಗೆ ಒಬ್ಬರು ಬೇಕೇ ಬೇಕು. ಶನಿವಾರ ಔಷಧಿ ಹಾಕುವ ಕ್ರಮ ಅಪ್ಪನಿಗೆ ತೋರಿಸಿಕೊಟ್ಟು ಹೊರಡುವುದು. ಇದು ನ್ಯಾಯವಾದ ಮೂರು ದಿನ. ಉತ್ತರ ನಿಮ್ಮ ಹತ್ತಿರ ಇದ್ದರೆ ಸಾಕು, ಹಾಳೆ ಮೇಲೆ ಇರಬೇಕಾಗಿಲ್ಲ.

ಕಾರಣ ಹೇಳಲು ಇಷ್ಟವಿಲ್ಲದಿದ್ದರೆ?

‘ಮನೆಯ ಕೆಲಸದ ನಿಮಿತ್ತ’ ಅಂತ ಬರೆಯಿರಿ. ಒಂದು ದಿನ, ಎರಡು ದಿನದ ಸಾಂದರ್ಭಿಕ ರಜೆಗೆ ಅಷ್ಟು ಸಾಕಾಗುತ್ತೆ. ಕೋರ್ಟು ಕೇಸು, ಗಂಡ ಹೆಂಡತಿ ಜಗಳ, ಹೇಳಿಕೊಳ್ಳಲಾಗದ ಕಾಯಿಲೆ ಇವುಗಳನ್ನು ಅರ್ಜಿಯಲ್ಲಿ ಬರೆಯಲೇಬೇಡಿ. ಆ ಹಾಳೆ ಸಾಹೇಬರ ಕೈಯಲ್ಲೇ ಉಳಿಯಲ್ಲ. ನಾನು ನೋಡುತ್ತೇನೆ, ಸಂಬಳದ ಗುಮಾಸ್ತರು ನೋಡುತ್ತಾರೆ, ಆಮೇಲೆ ಫೈಲಿನಲ್ಲಿ ವರ್ಷಗಟ್ಟಲೆ ಕೂರುತ್ತೆ. ಬೇಕಿದ್ದರೆ ಸಾಹೇಬರಿಗೆ ಒಬ್ಬರೇ ಇದ್ದಾಗ ಹೇಳಿ, ಅರ್ಜಿಯಲ್ಲಿ ‘ಖುದ್ದಾಗಿ ತಿಳಿಸಿದ ಕಾರಣಕ್ಕೆ’ ಅಂತ ಬರೆಯಬಹುದು. ಇದು ನನಗೆ ಇಷ್ಟವಾದ ಮಾತು. ಕೇಳುವವರ ಬಾಯಿ ಮುಚ್ಚುತ್ತೆ.

ಸುಳ್ಳು ಕಾರಣ ಬೇಡ. ಒಬ್ಬರ ಅಜ್ಜಿ ನಮ್ಮ ಫೈಲಿನಲ್ಲಿ ಮೂರು ಸಲ ತೀರಿಕೊಂಡಿದ್ದಾರೆ.

‘ವಿನಂತಿಸಿಕೊಳ್ಳುವುದೇನೆಂದರೆ’ ಇಲ್ಲದಿದ್ದರೆ ಒರಟು ಅನ್ನಿಸಲ್ವಾ?

ಅದು ಶಾಲೆಯಲ್ಲಿ ಪತ್ರಲೇಖನಕ್ಕೆ ಐದು ಅಂಕ ಕೊಡುತ್ತಿದ್ದಾಗ ಅಂಟಿಕೊಂಡ ಅಭ್ಯಾಸ. ಜ್ವರ ಬಂದ ಹುಡುಗ ‘ಮಾನ್ಯ ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಅಂತ ಶುರು ಮಾಡಿದರೆ ಅರ್ಧ ಅಂಕ ಅಲ್ಲೇ ಬರುತ್ತಿತ್ತು. ಸರ್ಕಾರಿ ಕಚೇರಿಗೆ ಬರೆಯುವಾಗ ಇರಲಿ, ಅಲ್ಲಿ ಆ ರೂಢಿ ಇದೆ. ಕಾರ್ಖಾನೆಗೆ, ಅಂಗಡಿಗೆ, ಸಣ್ಣ ಆಫೀಸಿಗೆ ‘ಕೊಡಬೇಕಾಗಿ ಕೋರುತ್ತೇನೆ’ ಅನ್ನುವ ಒಂದೇ ಮಾತಿನಲ್ಲಿ ಬೇಕಾದಷ್ಟು ಮರ್ಯಾದೆ ಇದೆ. ಆ ಮಾತನ್ನು ಮಾತ್ರ ಬಿಡಬೇಡಿ. ‘3 ದಿನ ರಜೆ ಬೇಕು’ ಅಂದರೆ ಅಂಗಡಿಯಲ್ಲಿ ಮೂರು ಕೆಜಿ ಅಕ್ಕಿ ಕೇಳಿದ ಹಾಗಿರುತ್ತೆ. ‘3 ದಿನ ರಜೆ ಹಾಕಿದ್ದೇನೆ’ ಅನ್ನುವುದು ಇನ್ನೂ ಕೆಟ್ಟದ್ದು, ಅವರು ಕೊಡುವ ಮೊದಲೇ ನೀವು ತಗೊಂಡ ಹಾಗೆ.

‘ಕಳಕಳಿಯಿಂದ ಪ್ರಾರ್ಥಿಸುತ್ತೇನೆ’ ಬೇಡ. ಪ್ರಾರ್ಥನೆ ದೇವಸ್ಥಾನದಲ್ಲಿ ಮಾಡೋಣ.

ಎಷ್ಟು ದಿನ ಮುಂಚೆ ಕೊಡಬೇಕು?

1948ರ ಕಾರ್ಖಾನೆ ಕಾಯ್ದೆಯ 79ನೇ ಸೆಕ್ಷನ್ನಿನಲ್ಲಿ ಗಳಿಕೆ ರಜೆಗೆ 15 ದಿನ ಮುಂಚೆ ಬರೆದು ಕೊಡಬೇಕು ಅಂತ ಇತ್ತು, ಕಾಯಿಲೆಯಾದರೆ ಆ ಗಡುವು ಇರಲಿಲ್ಲ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಆದರೂ ನಾನು ನೋಡಿದ ಕಡೆ 15 ದಿನದ ರೂಢಿ ಹಾಗೇ ಉಳಿದಿದೆ. ಮದುವೆ, ಗೃಹಪ್ರವೇಶ, ಊರ ಜಾತ್ರೆ ಇವುಗಳ ದಿನಾಂಕ ಮುಂಚೆಯೇ ಗೊತ್ತಿರುತ್ತೆ, ಅವಕ್ಕೆ 15 ದಿನ ಕಷ್ಟವಲ್ಲ. ತಡವಾಗಿದ್ದರೆ ಯಾಕೆ ತಡ ಅನ್ನುವ ನಾಲ್ಕು ಪದ ಎರಡನೇ ಸಾಲಿಗೆ ಸೇರಿಸಿ, ಮೇಲಿನ ಅರ್ಜಿಯಲ್ಲಿ ಸೇರಿಸಿದ ಹಾಗೆ.

ಬೆಳಿಗ್ಗೆ ಎದ್ದರೆ ಜ್ವರ. ಆಗಲೂ ಮೂರು ಸಾಲಾ?

ಎರಡೇ ಸಾಕು, ವಾಟ್ಸಾಪ್‌ನಲ್ಲಿ. ‘ಸರ್, ರಾತ್ರಿಯಿಂದ ಜ್ವರ, ಇವತ್ತು 24 ಮಂಗಳವಾರ ಬರಲಾಗುವುದಿಲ್ಲ, ಅನಾರೋಗ್ಯ ರಜೆ ಕೊಡಬೇಕಾಗಿ ಕೋರುತ್ತೇನೆ. ನಾಳೆ ಬರುವ ಬಗ್ಗೆ ಸಂಜೆ 6ಕ್ಕೆ ತಿಳಿಸುತ್ತೇನೆ.’ ಶಿಫ್ಟ್ ಶುರುವಾಗುವ ಮೊದಲು ಕಳಿಸಿ. ಸಂಜೆ 6ಕ್ಕೆ ನಿಜವಾಗಿಯೂ ತಿಳಿಸಿ. ಎಷ್ಟು ಡಿಗ್ರಿ ಜ್ವರ, ಎಷ್ಟು ಸಲ ವಾಂತಿ ಅನ್ನುವ ವಿವರ ಬೇಡ, ಥರ್ಮಾಮೀಟರ್ ಫೋಟೋನೂ ಬೇಡ. ದನಿ ಸಂದೇಶವನ್ನಂತೂ ಕಳಿಸಬೇಡಿ. ಒಂದೂವರೆ ನಿಮಿಷ ಕೆಮ್ಮು ಕೇಳಿಸಿಕೊಂಡು ದಿನಾಂಕ ಹುಡುಕುವ ಕಷ್ಟ ನನಗೆ ಗೊತ್ತು.

ವಾಪಸ್ ಬಂದ ದಿನ ಅದನ್ನೇ ಹಾಳೆಯಲ್ಲಿ ಬರೆದು ಕೊಡಿ. ಇ.ಎಸ್.ಐ. ಇರುವವರು ಡಿಸ್ಪೆನ್ಸರಿ ಡಾಕ್ಟರ ಸರ್ಟಿಫಿಕೇಟ್ ತರಬೇಕು. ಅರ್ಹತೆ ಇದ್ದರೆ ಕಾಯಿಲೆಯ ದಿನಗಳಿಗೆ ಕೂಲಿಯ ಶೇ 70ರಷ್ಟು ಇ.ಎಸ್.ಐ.ಯಿಂದ ಬರುತ್ತೆ, ಆ ಕಾಗದ ಇಲ್ಲದಿದ್ದರೆ ಬರಲ್ಲ. ನೀವು ಅರ್ಜಿಯಲ್ಲಿ ಎಷ್ಟು ಚೆನ್ನಾಗಿ ಬರೆದರೂ ಸರ್ಟಿಫಿಕೇಟ್ ಕೆಲಸ ಅರ್ಜಿ ಮಾಡಲ್ಲ.

ಮೂರು ಸಾಲು ಸಾಲದೇ ಇರುವ ರಜೆ ಯಾವುದಾದರೂ ಇದೆಯಾ?

ಇದೆ. ಹೆರಿಗೆ ರಜೆ, ತಿಂಗಳುಗಟ್ಟಲೆ ಚಿಕಿತ್ಸೆ, ಸಂಬಳವಿಲ್ಲದ ದೀರ್ಘ ರಜೆ. ಆಗಲೂ ಅರ್ಜಿಯ ಮೈ ಮೂರು ಸಾಲೇ ಇರಲಿ, ಉಳಿದದ್ದನ್ನು ಲಗತ್ತಿಸಿ. ‘ಡಾಕ್ಟರ ಪತ್ರ, ಕೆಲಸ ಹಂಚಿಕೆಯ ಪಟ್ಟಿ ಲಗತ್ತಿಸಿದೆ’ ಅಂತ ಕೆಳಗೆ ಬರೆದರೆ ಬೇಕಾದವರು ತಿರುವಿ ನೋಡುತ್ತಾರೆ. ಆದರೆ ರಜೆಯನ್ನು ಮೊದಲು ಒಮ್ಮೆ ಇಲ್ಲ ಅಂದಿದ್ದರೆ, ಅಥವಾ ಸಂಬಳ ಕಡಿತದ ಜಗಳ ನಡೆಯುತ್ತಿದ್ದರೆ, ಆಗ ವಿವರವಾಗಿಯೇ ಬರೆಯಿರಿ. ಅದು ಅರ್ಜಿ ಅಲ್ಲ, ದೂರು. ದೂರಿಗೆ ದಿನಾಂಕ, ಘಟನೆ, ಯಾರು ಏನಂದರು ಎಲ್ಲ ಬೇಕು.

ಅರ್ಜಿ ಕೊಟ್ಟಾಯ್ತು. ಹೊರಡಬಹುದಾ?

ಇಲ್ಲ! ಕೊಟ್ಟ ಮಾತ್ರಕ್ಕೆ ರಜೆ ಸಿಕ್ಕಿದ ಹಾಗಲ್ಲ. ಮಂಜೂರು ಅಂತ ಬರೆದು ಸಹಿ ಬೀಳಬೇಕು, ಇಲ್ಲವೇ ಫೋನಿನಲ್ಲಿ ‘ಸರಿ’ ಅಂತಾದರೂ ಬರಬೇಕು. ಎರಡು ದಿನ ಉತ್ತರ ಬರದಿದ್ದರೆ ಇನ್ನೊಂದು ಅರ್ಜಿ ಬರೆಯಬೇಡಿ. ಹೋಗಿ ‘ಸರ್, 12ರದು ಏನಾಯ್ತು?’ ಅಂತ ಕೇಳಿ. ಸಹಿಯಾದ ಹಾಳೆಯ ಫೋಟೋ ನಿಮ್ಮ ಫೋನಿನಲ್ಲಿರಲಿ.

ಅವಳ ಅರ್ಜಿ ಸೋಮವಾರ ಬೆಳಿಗ್ಗೆ ಒಳಗೆ ಹೋಯಿತು, ಟೀ ಬರುವ ಹೊತ್ತಿಗೆ ವಾಪಸ್ ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಇಷ್ಟೇ ಬರೆದಿತ್ತು: ‘ಮಂಜೂರು. ಚಲನ್ 10ಕ್ಕೆ ಬೇಡ, ನಾನು ಆವತ್ತು ಇರಲ್ಲ, ಇವತ್ತೇ ಕೊಡಿ.’ ಅವಳು ಟೀ ಲೋಟ ಅಲ್ಲೇ ಇಟ್ಟು ಲೆಕ್ಕದ ಕೋಣೆಗೆ ಓಡಿದಳು.